ಗ್ಯಾಪ್ ಮುಚ್ಚೇ ಮುಚ್ಚುತ್ತೆ ಅಂತಾರೆ, ಹಾಗಾದರೆ ನನ್ನ ದುಡ್ಡೆಲ್ಲಿ?

ಹೊಸಚಾರ್ಟ್

ಮೂರು ತಿಂಗಳಿಂದ ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ ಗ್ಯಾಪ್ ವಿರುದ್ಧ ಟ್ರೇಡ್ ಮಾಡುತ್ತಿದ್ದೇನೆ. ನಿನ್ನೆಯ ಕ್ಲೋಸ್‌ಗಿಂತ ಮೇಲೆ ಓಪನ್ ಆದರೆ ಮಾರುತ್ತೇನೆ, ಕೆಳಗೆ ಓಪನ್ ಆದರೆ ಕೊಳ್ಳುತ್ತೇನೆ. ಟಾರ್ಗೆಟ್ ನಿನ್ನೆಯ ಕ್ಲೋಸ್. ಸ್ಟಾಪ್ ಲಾಸ್ ಇಲ್ಲ, ಬೆಲೆ ಅಲ್ಲಿಗೆ ವಾಪಸ್ ಬಂದು ಗ್ಯಾಪ್ ಮುಚ್ಚದಿದ್ದರೆ ಮಾರ್ಕೆಟ್ ಮುಗಿಯುವಾಗ ಹೊರಗೆ ಬರುತ್ತೇನೆ. ಹತ್ತರಲ್ಲಿ ಎಂಟು ಸಲ ಗೆಲ್ಲುತ್ತೇನೆ. ಆದರೂ ಅಕೌಂಟ್ ಮೊದಲಿಗಿಂತ ಕಮ್ಮಿಯಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ? ಗ್ಯಾಪ್ ನಿಜಕ್ಕೂ ಮುಚ್ಚುತ್ತದೋ ಇಲ್ಲವೋ ಅಂತ ಸರಿಯಾಗಿ ಪರೀಕ್ಷೆ ಮಾಡುವುದು ಹೇಗೆ?

ಹಳೇಹುಲಿ

ತಪ್ಪು ಒಂದೇ ತಮ್ಮ. ಆತುರ. ಸಂಜೆಗೆ ಯಾಕೆ ಹೊರಗೆ ಬರುತ್ತೀಯ? ಎಲ್ಲ ಗ್ಯಾಪೂ ಮುಚ್ಚುತ್ತವೆ. ಇವತ್ತಲ್ಲದಿದ್ದರೆ ನಾಳೆ, ನಾಳೆ ಅಲ್ಲದಿದ್ದರೆ ಮುಂದಿನ ವಾರ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಮಾರ್ಕೆಟ್ ಸಾಲ ಇಟ್ಟುಕೊಳ್ಳುವುದಿಲ್ಲ. ಬಿಟ್ಟ ಜಾಗಕ್ಕೆ ವಾಪಸ್ ಬಂದೇ ಬರುತ್ತದೆ.

ಲೆಕ್ಕಿಗ

> ಇವತ್ತಲ್ಲದಿದ್ದರೆ ನಾಳೆ

ಗಡುವು ಇಲ್ಲದ ಮಾತನ್ನು ಸುಳ್ಳು ಅಂತ ತೋರಿಸೋಕೆ ಯಾರಿಗೂ ಆಗುವುದಿಲ್ಲ, ಅಲ್ವಾ? ಮುಚ್ಚದ ಗ್ಯಾಪ್ ತೋರಿಸಿದರೆ "ಇನ್ನೂ ಟೈಮ್ ಇದೆ" ಅನ್ನುತ್ತೀರಿ.

ಒಂದು ನಿಜವಾದ ಗ್ಯಾಪ್ ತೆಗೆದುಕೊಳ್ಳಿ. ಎಸ್ ಆಂಡ್ ಪಿ 500, 2020ರ ಫೆಬ್ರವರಿ 21, ಶುಕ್ರವಾರ. ಕ್ಲೋಸ್ 3,337. ಸೋಮವಾರ 24ಕ್ಕೆ ಓಪನ್ ಆಗಿದ್ದು 3,257ರ ಹತ್ತಿರ. ಅಂದರೆ 80 ಪಾಯಿಂಟ್ ಗ್ಯಾಪ್. ನಿಮ್ಮ ಮಾತು ನಂಬಿದವನು ಸೋಮವಾರ ಬೆಳಿಗ್ಗೆ ಕೊಂಡ ಅಂದುಕೊಳ್ಳಿ. ಮಾರ್ಚ್ 23ಕ್ಕೆ ಇಂಡೆಕ್ಸ್ 2,192ರವರೆಗೆ ಇಳಿಯಿತು. 80 ಪಾಯಿಂಟ್ ಆಸೆಗೆ ಅವನು 1,065 ಪಾಯಿಂಟ್ ನಷ್ಟ ನೋಡುತ್ತಾ ಕೂತಿದ್ದ. ಗ್ಯಾಪ್ ಮುಚ್ಚಿದ್ದು ಆಗಸ್ಟ್ ಮೊದಲ ವಾರದಲ್ಲಿ. ಫ್ಯೂಚರ್ಸ್‌ನಲ್ಲಿದ್ದವನ ಮಾರ್ಜಿನ್ ಅಷ್ಟು ದಿನ ಉಳಿದಿರುತ್ತಿತ್ತಾ?

ಹಳೇಹುಲಿ

> ಗ್ಯಾಪ್ ಮುಚ್ಚಿದ್ದು ಆಗಸ್ಟ್ ಮೊದಲ ವಾರದಲ್ಲಿ

ಮುಚ್ಚಿತಲ್ಲಾ! ನೀವೇ ಹೇಳಿದಿರಿ. ಮುಗಿಯಿತು.

ಕಿಟಕಿ

ಇಬ್ಬರೂ ತಪ್ಪು ಅಳತೆ ಹಿಡಿದುಕೊಂಡು ಜಗಳವಾಡುತ್ತಿದ್ದೀರಿ. ಗ್ಯಾಪ್ ಅಂದರೆ ಕ್ಲೋಸ್‌ನಿಂದ ಓಪನ್‌ಗೆ ಅಲ್ಲ. ಕ್ಯಾಂಡಲ್ ಓದುವ ಜಪಾನಿನವರು ಇದನ್ನು ಕಿಟಕಿ ಅಂತಲೇ ಕರೆಯುತ್ತಿದ್ದರು. ಎರಡು ಕ್ಯಾಂಡಲ್‌ಗಳ ಮಧ್ಯೆ ಯಾರೂ ವ್ಯಾಪಾರ ಮಾಡದ ಖಾಲಿ ಜಾಗ ಇದ್ದರೆ ಮಾತ್ರ ಕಿಟಕಿ. ನಿನ್ನೆಯ ರೇಂಜ್ ಒಳಗೇ ಓಪನ್ ಆದರೆ ಅದು ಗ್ಯಾಪೇ ಅಲ್ಲ. ಹೊಸಚಾರ್ಟ್ ಅವರೇ, ನಿಮ್ಮ ಟ್ರೇಡ್‌ಗಳಲ್ಲಿ ಅರ್ಧ ಗ್ಯಾಪ್ ಟ್ರೇಡೇ ಆಗಿರಲಿಕ್ಕಿಲ್ಲ.

ಲೆಕ್ಕಿಗ

ಹೊಸಚಾರ್ಟ್, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹತ್ತರಲ್ಲಿ ಎಂಟು ಗೆಲ್ಲುವುದಕ್ಕೆ ಗ್ಯಾಪ್‌ನಲ್ಲಿ ಯಾವ ಶಕ್ತಿಯೂ ಇರಬೇಕಿಲ್ಲ. ಟಾರ್ಗೆಟ್ ಹತ್ತಿರ ಇದ್ದರೆ ಸಾಕು.

ಓಪನ್‌ನಿಂದ ಕ್ಲೋಸ್‌ವರೆಗಿನ ಚಲನೆಯ ಸ್ಟ್ಯಾಂಡರ್ಡ್ ಡೀವಿಯೇಶನ್ 100 ಪಾಯಿಂಟ್ ಅಂತ ಇಟ್ಟುಕೊಳ್ಳಿ. ಬೆಲೆಗೆ ನೆನಪೇ ಇಲ್ಲ, ಪ್ರತಿ ಹೆಜ್ಜೆಯೂ ನಾಣ್ಯ ಚಿಮ್ಮಿದ ಹಾಗೆ ಅಂತಲೂ ಇಟ್ಟುಕೊಳ್ಳಿ. ಓಪನ್‌ನಿಂದ 25 ಪಾಯಿಂಟ್ ದೂರದ ಗೆರೆಯನ್ನು ಆ ದಿನ ಒಮ್ಮೆಯಾದರೂ ಮುಟ್ಟುವ ಸಾಧ್ಯತೆ ಸುಮಾರು 80%. 50 ಪಾಯಿಂಟ್ ದೂರ ಇದ್ದರೆ 62%. 100 ಇದ್ದರೆ 32%. ಆ ಗೆರೆ ನಿನ್ನೆಯ ಕ್ಲೋಸ್ ಆಗಿರಲಿ, ನಿಮ್ಮ ಹುಟ್ಟಿದ ದಿನದ ಸಂಖ್ಯೆಯಾಗಿರಲಿ, ಲೆಕ್ಕ ಅದೇ.

ಈಗ ದುಡ್ಡು ನೋಡಿ. 25 ಪಾಯಿಂಟ್ ಗ್ಯಾಪ್, 100 ದಿನ. 80 ದಿನ 25ರಂತೆ 2,000 ಪಾಯಿಂಟ್ ಬಂತು. ಉಳಿದ 20 ದಿನ ಬೆಲೆ ನಿಮ್ಮ ಕಡೆ 25 ಪಾಯಿಂಟ್ ಕೂಡ ಬಂದಿಲ್ಲ ಅಂದರೆ ಏನರ್ಥ? ಬಹುಪಾಲು ಅವು ಒಂದೇ ದಿಕ್ಕಿಗೆ ಓಡಿದ ದಿನಗಳು. ಅವುಗಳಲ್ಲಿ ಸರಾಸರಿ ನಷ್ಟ ಸುಮಾರು 100 ಪಾಯಿಂಟ್. ಅಲ್ಲಿಗೆ 2,000 ಹೋಯಿತು. ಉಳಿದಿದ್ದು ಬ್ರೋಕರೇಜ್ ಮಾತ್ರ, ಅದೂ ನಿಮ್ಮ ಕೈಯಿಂದ.

ನಂಬದವರು ಓಡಿಸಿ ನೋಡಿ:

```python
import random

def fill(gap, n=20000):
    hit = 0
    for _ in range(n):
        p = 0
        for _ in range(400):
            p += random.gauss(0, 5)
            if p <= -gap:
                hit += 1
                break
    return hit / n

for g in (25, 50, 100):
    print(g, fill(g))
```

ದಿನವಹಿ

> 25 ಪಾಯಿಂಟ್ ದೂರದ ಗೆರೆಯನ್ನು ಮುಟ್ಟುವ ಸಾಧ್ಯತೆ ಸುಮಾರು 80%

ಓಡಿಸಿದೆ. 78 ಬಂತು. ಮತ್ತೆ ಓಡಿಸಿದೆ, ಮತ್ತೆ 78. 50ಕ್ಕೆ 60, 100ಕ್ಕೆ 30. ನಿಮ್ಮ ಕೋಡೇ ನಿಮ್ಮ ಮಾತನ್ನು ಒಪ್ಪುತ್ತಿಲ್ಲ ಸಾರ್.

ಲೆಕ್ಕಿಗ

ನಾನು ಹೇಳಿದ್ದು ಎಡೆಬಿಡದೆ ಚಲಿಸುವ ಬೆಲೆಯ ಸೂತ್ರ. ಕೋಡ್ ದಿನಕ್ಕೆ 400 ಸಲ ಮಾತ್ರ ಬೆಲೆ ನೋಡುತ್ತದೆ. ಎರಡು ನೋಟಗಳ ಮಧ್ಯೆ ಗೆರೆ ಮುಟ್ಟಿ ವಾಪಸ್ ಹೋದರೆ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಒಂದೆರಡು ಪರ್ಸೆಂಟ್ ಕಮ್ಮಿ. ಹೆಜ್ಜೆ 5ರಿಂದ 1ಕ್ಕೆ ಇಳಿಸಿ, 400ರ ಬದಲು 10000 ಹೆಜ್ಜೆ ಇಡಿ, 80ರ ಕಡೆಗೆ ಏರುತ್ತದೆ.

ಮತ್ತೆ, ಇಲ್ಲಿ ವಿಷಯ 78ಓ 80ಓ ಅನ್ನುವುದಲ್ಲ.

ದಿನವಹಿ

ಸಂಖ್ಯೆ ತಪ್ಪಾದಾಗ "ವಿಷಯ ಅದಲ್ಲ" ಅನ್ನುವುದು ಸುಲಭ.

ನಿದ್ದೆಗೆಟ್ಟವಳು

ಗ್ಯಾಪ್ ಬಗ್ಗೆ ನನ್ನ ಅನುಭವವೂ ಕೇಳಿ. ಒಂದು ಶೇರ್ 412ಕ್ಕೆ ಕೊಂಡು 400ಕ್ಕೆ ಸ್ಟಾಪ್ ಲಾಸ್ ಹಾಕಿ ಮಲಗಿದ್ದೆ. ಬೆಳಿಗ್ಗೆ 371ಕ್ಕೆ ಓಪನ್ ಆಯಿತು, ಆರ್ಡರ್ 370ಕ್ಕೆ ಮಾರಾಟವಾಯಿತು. 400 ಅಂತ ಹಾಕಿದ್ದು 370ಕ್ಕೆ ಹೇಗೆ ಹೋಯಿತು ಅಂತ ಬ್ರೋಕರ್‌ನ ಕೇಳಿದರೆ "ಮಾರ್ಕೆಟ್ ಆರ್ಡರ್ ಮೇಡಂ" ಅಂತಾರೆ. ಆ ಗ್ಯಾಪ್ ಇವತ್ತಿಗೂ ಮುಚ್ಚಿಲ್ಲ. ಮುಚ್ಚುತ್ತೆ ಅಂದರೆ ನಾನು ವಾಪಸ್ ಕೊಳ್ಳಬೇಕಾ?

ಹಳೇಹುಲಿ

ಕೊಳ್ಳಿ ಮೇಡಂ. ಮುಚ್ಚುತ್ತೆ.

ಲೆಕ್ಕಿಗ

ದಯವಿಟ್ಟು ಈ ಮಾತು ಕೇಳಿ ಕೊಳ್ಳಬೇಡಿ. ನಿಮ್ಮ ಸ್ಟಾಪ್ ಕೆಲಸ ಮಾಡಿದೆ. 400ರಲ್ಲಿ ಯಾರೂ ವ್ಯಾಪಾರ ಮಾಡಲೇ ಇಲ್ಲ, ಮೊದಲ ಬೆಲೆಯೇ 371. ರಾತ್ರಿ ಹಿಡಿದಿಟ್ಟರೆ ಸ್ಟಾಪ್ ಲಾಸ್ ಕಾಪಾಡುವುದಿಲ್ಲ ಅನ್ನುವುದು ಬೇರೆಯೇ ಪಾಠ. ಅದಕ್ಕೂ ಗ್ಯಾಪ್ ಮುಚ್ಚುವುದಕ್ಕೂ ಸಂಬಂಧ ಇಲ್ಲ.

ಕಿಟಕಿ

> 400ರಲ್ಲಿ ಯಾರೂ ವ್ಯಾಪಾರ ಮಾಡಲೇ ಇಲ್ಲ

ನೋಡಿ, ಈಗ ನನ್ನ ದಾರಿಗೆ ಬಂದಿರಿ! ಯಾರೂ ವ್ಯಾಪಾರ ಮಾಡದ ಜಾಗವೇ ಗ್ಯಾಪ್. ಹಾಗಾದರೆ ಮೇಲೆ "ನಿನ್ನೆಯ ಕ್ಲೋಸ್‌ನಿಂದ" ಅಂತ ಲೆಕ್ಕ ಹಾಕಿದ್ದು ಯಾಕೆ?

ದಿನವಹಿ

ಟ್ರೇಡರ್ ರಾತ್ರಿ ಮಲಗುವಾಗ ಅವನ ಲೆಕ್ಕದಲ್ಲಿರುವುದು ಕ್ಲೋಸ್. ಲಾಭ ನಷ್ಟ ಬರೆದುಕೊಳ್ಳುವುದೂ ಕ್ಲೋಸ್‌ನಿಂದಲೇ. ಟಿವಿಯಲ್ಲಿ "ಇಷ್ಟು ಪಾಯಿಂಟ್ ಮೇಲೆ ಓಪನ್" ಅನ್ನುವುದೂ ಕ್ಲೋಸ್‌ಗೆ ಹೋಲಿಸಿ. ನಿನ್ನೆಯ ಹೈ ಯಾರಿಗೆ ಬೇಕು?

ಕಿಟಕಿ

ಯಾರಿಗೆ ಬೇಕಾ? ಒಂದು ದಿನ ತೋರಿಸುತ್ತೇನೆ. ನಿನ್ನೆ ಹೈ 1,012, ಕ್ಲೋಸ್ 1,000. ಇವತ್ತು ಓಪನ್ 1,020. ದಿನದ ಲೋ 1,009. ಆಮೇಲೆ ಮೇಲಕ್ಕೆ ಓಡಿ 1,060ಕ್ಕೆ ಕ್ಲೋಸ್.

ನನ್ನ ಪ್ರಕಾರ 1,012ರಿಂದ 1,020ರವರೆಗೆ ಕಿಟಕಿ ಇತ್ತು, ಬೆಲೆ 1,009ಕ್ಕೆ ಇಳಿದಾಗ ಪೂರ್ತಿ ಮುಚ್ಚಿತು. ನಿಮ್ಮ ಪ್ರಕಾರ ಗ್ಯಾಪ್ ಮುಚ್ಚಲೇ ಇಲ್ಲ. ನಾನು 8 ಪಾಯಿಂಟ್ ಗೆದ್ದು ಮನೆಗೆ ಹೋದೆ. ನೀವು 40 ಪಾಯಿಂಟ್ ಸೋತಿರಿ. ಅದೇ ದಿನ, ಅದೇ ಚಾರ್ಟ್!

ದಿನವಹಿ

ಮರುದಿನ ಹೈ 1,062 ಅಂತಿಟ್ಟುಕೊಳ್ಳಿ, ಅದರ ಮಾರನೇ ದಿನ 1,061ಕ್ಕೆ ಓಪನ್. ಕ್ಲೋಸ್ 1,050 ಆಗಿತ್ತು. 11 ಪಾಯಿಂಟ್ ಮೇಲೆ ಓಪನ್ ಆದರೂ ನೀವು "ಗ್ಯಾಪೇ ಇಲ್ಲ" ಅಂತ ಕೈ ಕಟ್ಟಿ ಕೂರುತ್ತೀರಿ. ನಾನು ಆ 11 ಪಾಯಿಂಟ್ ತೆಗೆದುಕೊಳ್ಳುತ್ತೇನೆ. ಗ್ಯಾಪ್ ಸಿಗುವುದೇ ನಿಮಗೆ ವಾರಕ್ಕೊಂದು.

ಕಿಟಕಿ

> ವಾರಕ್ಕೊಂದು

ಒಳ್ಳೆಯ ಸಾಮಾನು ಕಮ್ಮಿಯೇ ಸಿಗುವುದು.

ದಿನವಹಿ

ಸಾಮಾನು ಒಳ್ಳೆಯದು ಅಂತ ಯಾರು ಹೇಳಿದರು? ನೀವೇ!

ಲೆಕ್ಕಿಗ

ಇಬ್ಬರೂ ಒಂದು ನಿಮಿಷ. ಕಿಟಕಿಯವರ ಗೆರೆ ಓಪನ್‌ನಿಂದ 8 ಪಾಯಿಂಟ್ ದೂರ. ದಿನವಹಿಯವರದು 20 ದೂರ. ಹತ್ತಿರದ ಗೆರೆ ಜಾಸ್ತಿ ಸಲ ಮುಟ್ಟುತ್ತದೆ, ಮುಟ್ಟಿದಾಗ ಕಮ್ಮಿ ಸಿಗುತ್ತದೆ. ಇಷ್ಟೇ ನಿಮ್ಮ ಜಗಳ. ಯಾವ ವ್ಯಾಖ್ಯೆ "ಸರಿ" ಅಂತ ಮುಟ್ಟಿದ ಪರ್ಸೆಂಟೇಜ್ ನೋಡಿ ಹೇಳಲು ಆಗುವುದಿಲ್ಲ. ಗ್ಯಾಪ್ ಎಷ್ಟು ಸಲ ಮುಚ್ಚುತ್ತದೆ ಅನ್ನುವ ಅಂಕಿಗಳು ಒಬ್ಬೊಬ್ಬರದು ಒಂದೊಂದು ಥರ ಇರುವುದಕ್ಕೆ ದೊಡ್ಡ ಕಾರಣವೇ ಇದು.

ಕಿಟಕಿ

ಅಂದರೆ ನನ್ನದು ಜಾಸ್ತಿ ಸಲ ಮುಚ್ಚುತ್ತದೆ ಅಂತ ಒಪ್ಪಿದಿರಿ. ಥ್ಯಾಂಕ್ಸ್.

ಲೆಕ್ಕಿಗ

ಅಯ್ಯೋ ಮಾರಾಯ್ರೆ.

ದಿನವಹಿ

ಬಾಯಿಮಾತು ಸಾಕು. ನಾನು ದಿನದ ಡೇಟಾ ಇಳಿಸಿಕೊಂಡು ಶೇರ್‌ಗಳ ಮೇಲೆ ಪರೀಕ್ಷೆ ಮಾಡಿದ್ದೇನೆ. ದೊಡ್ಡ ಗ್ಯಾಪ್ ಮುಚ್ಚುವುದಿಲ್ಲ ಅನ್ನುವವರಿಗೆ ಉತ್ತರ ಇಲ್ಲಿದೆ: ಎನ್‌ವಿಡಿಯಾ. 2023ರ ಮೇ 24ಕ್ಕೆ ಕ್ಲೋಸ್ 305 ಡಾಲರ್ ಹತ್ತಿರ, ಮಾರನೇ ದಿನ ರಿಸಲ್ಟ್ ಆದಮೇಲೆ ಓಪನ್ 385ರ ಹತ್ತಿರ. 80 ಡಾಲರ್ ಗ್ಯಾಪ್! ಎಲ್ಲರೂ ಇದು ಎಂದೂ ಮುಚ್ಚದ ಗ್ಯಾಪ್ ಅಂತಾರೆ. ನನ್ನ ಪ್ರೋಗ್ರಾಮ್ ಪ್ರಕಾರ 2024ರ ಜೂನ್ 10ಕ್ಕೆ ಮುಚ್ಚಿದೆ. ಒಂದು ವರ್ಷಕ್ಕೆ ಸ್ವಲ್ಪ ಜಾಸ್ತಿ.

ಹಳೇಹುಲಿ

ಭೇಷ್! ನಾನು ಹೇಳಿರಲಿಲ್ಲವಾ?

ಮೂಕಪ್ರೇಕ್ಷಕ

ಇಲ್ಲಿ ಮಾತಾಡಬಾರದು ಅಂತ ಅಂದುಕೊಂಡಿದ್ದೆ. ಆದರೆ ಇದು ತಡೆಯಲು ಆಗಲಿಲ್ಲ. 2024ರ ಜೂನ್ 10 ಅಂದರೆ ಆ ಶೇರ್ ಒಂದಕ್ಕೆ ಹತ್ತಾಗಿ ಸ್ಪ್ಲಿಟ್ ಆಗಿ ವ್ಯಾಪಾರ ಶುರುವಾದ ದಿನ. ಶುಕ್ರವಾರ 1,208ಕ್ಕೆ ಕ್ಲೋಸ್, ಸೋಮವಾರ 120ಕ್ಕೆ ಓಪನ್. ನಿಮ್ಮ ಪ್ರೋಗ್ರಾಮ್ ಅದನ್ನು ಕುಸಿತ ಅಂದುಕೊಂಡು, ದಾರಿಯಲ್ಲಿ 305 ಸಿಕ್ಕಿತು ಅಂತ ಟಿಕ್ ಹಾಕಿದೆ.

ದಿನವಹಿ

ಡೇಟಾದಲ್ಲಿ ಹಾಗೇ ಇದೆ.

ಮೂಕಪ್ರೇಕ್ಷಕ

ಡೇಟಾದಲ್ಲಿ ಇದೆ, ಯಾಕಂದರೆ ನೀವು ಸ್ಪ್ಲಿಟ್ ಸರಿಪಡಿಸದ ಫೈಲ್ ಇಳಿಸಿದ್ದೀರಿ. ಸರಿಪಡಿಸಿದರೆ ಆ ಗ್ಯಾಪ್ 30.5ರಿಂದ 38.5ಕ್ಕೆ. 2025ರ ಏಪ್ರಿಲ್ ಕುಸಿತದಲ್ಲೂ ಶೇರ್ 80ರ ಕೆಳಗೆ ಇಳಿಯಲಿಲ್ಲ. 30 ಎಲ್ಲಿ, 80 ಎಲ್ಲಿ! ನಿಮ್ಮ ಪಟ್ಟಿಯಲ್ಲಿ ಇಂಥವು ಇನ್ನೆಷ್ಟಿವೆ? ಒಂದೇ ದಿನದಲ್ಲಿ ಬೆಲೆ ಅರ್ಧ, ಐದನೇ ಒಂದು, ಹತ್ತನೇ ಒಂದು ಆದ ಸಾಲುಗಳನ್ನು ಮೊದಲು ಹುಡುಕಿ. ಪ್ರತಿಯೊಂದು ಸ್ಪ್ಲಿಟ್ಟೂ ಆ ಶೇರಿನ ಹಳೆಯ ಎಷ್ಟೋ ಮೇಲ್ಮುಖ ಗ್ಯಾಪ್‌ಗಳನ್ನು ಒಂದೇ ಏಟಿಗೆ "ಮುಚ್ಚಿಸಿ"ಬಿಡುತ್ತದೆ. ಡಿವಿಡೆಂಡ್ ದಿನಗಳನ್ನೂ ನೋಡಿ. ಅವತ್ತು ಬೆಲೆ ಸುಮಾರಾಗಿ ಡಿವಿಡೆಂಡ್‌ನಷ್ಟು ಕೆಳಗೆ ಓಪನ್ ಆಗುತ್ತದೆ. ಅದೂ ನಿಮ್ಮ ಲೆಕ್ಕದಲ್ಲಿ ಗ್ಯಾಪ್.

ಕಿಟಕಿ

ಹ್ಹಹ್ಹ. ಕ್ಲೋಸ್‌ನಿಂದ ಅಳೆದರೆ ಹೀಗೇ ಆಗುವುದು.

ಮೂಕಪ್ರೇಕ್ಷಕ

ಹೈನಿಂದ ಅಳೆದರೂ ಇದೇ ಆಗುತ್ತಿತ್ತು. ನಿಮ್ಮದೂ ಅದೇ ಫೈಲ್ ಅಲ್ವಾ?

ದಿನವಹಿ

ಒಂದು ಶೇರ್ ಹಿಡಿದುಕೊಂಡು ಇಡೀ ಪರೀಕ್ಷೆ ಸುಳ್ಳು ಅನ್ನುವುದು ನ್ಯಾಯವಲ್ಲ. ಇಂಡೆಕ್ಸ್‌ಗೆ ಸ್ಪ್ಲಿಟ್ ಇಲ್ಲ. ಅಲ್ಲಿ ನನ್ನ ಪರೀಕ್ಷೆ ಗಟ್ಟಿಯಾಗಿದೆ.

ಹೊಸಚಾರ್ಟ್

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕಿಗ ಸಾರ್ ಹೇಳಿದ್ದು ನೋಡಿ ನನ್ನ ಟ್ರೇಡ್ ಪುಸ್ತಕ ತೆಗೆದೆ. ಕೊನೆಯ 20 ಟ್ರೇಡ್. 16 ಗೆದ್ದಿದ್ದೇನೆ, ಒಟ್ಟು 390 ಪಾಯಿಂಟ್. 4 ಸೋತಿದ್ದೇನೆ, ಒಟ್ಟು 431. ಅದರಲ್ಲಿ ಒಂದೇ ದಿನದ ನಷ್ಟ 188. ಆ ದಿನ ನೆನಪಿದೆ. 20 ಪಾಯಿಂಟ್ ಮೇಲೆ ಓಪನ್ ಆಯಿತು, ಮಾರಿದೆ, ಆಮೇಲೆ ಒಂದು ಸಲವೂ ವಾಪಸ್ ತಿರುಗಲಿಲ್ಲ. ಮಧ್ಯಾಹ್ನ 90 ನಷ್ಟದಲ್ಲಿದ್ದಾಗ "80% ಮುಚ್ಚುತ್ತೆ" ಅಂತ ಧೈರ್ಯ ಹೇಳಿಕೊಂಡು ಇನ್ನೊಂದು ಲಾಟ್ ಮಾರೋಣ ಅನ್ನಿಸಿತ್ತು, ಪುಣ್ಯಕ್ಕೆ ಮಾರಲಿಲ್ಲ. ಪ್ರತಿ ಟ್ರೇಡ್‌ಗೆ ಖರ್ಚು ಸುಮಾರು 2 ಪಾಯಿಂಟ್. ಒಟ್ಟು 81 ಪಾಯಿಂಟ್ ನಷ್ಟ.

ಲೆಕ್ಕಿಗ

ಆ ಮಧ್ಯಾಹ್ನದ ಯೋಚನೆ ಗಮನಿಸಿ. 80% ಅನ್ನುವುದು ಬೆಳಿಗ್ಗೆಯ ಸಂಖ್ಯೆ, ಗೆರೆ 20 ಪಾಯಿಂಟ್ ದೂರ ಇದ್ದಾಗ, ಇಡೀ ದಿನ ಕೈಯಲ್ಲಿದ್ದಾಗ. ಮಧ್ಯಾಹ್ನ ಗೆರೆ 110 ದೂರ, ಉಳಿದಿದ್ದು ಅರ್ಧ ದಿನ. ಸಮಯ ಅರ್ಧವಾದರೆ ಚಲನೆ 100ರಿಂದ ಸುಮಾರು 71ಕ್ಕೆ ಇಳಿಯುತ್ತದೆ. ಆಗ ಮುಟ್ಟುವ ಸಾಧ್ಯತೆ 12% ಅಷ್ಟೇ. ನೀವು ಬೆಳಗಿನ ಸಂಖ್ಯೆಯನ್ನು ಮಧ್ಯಾಹ್ನಕ್ಕೆ ಹೊತ್ತುಕೊಂಡು ಹೋದಿರಿ.

ಹಳೇಹುಲಿ

> ಸ್ಟಾಪ್ ಲಾಸ್ ಇಲ್ಲ

ಈಗ ಕಣ್ಣಿಗೆ ಬಿತ್ತು. ಅದೇ ನಿನ್ನ ರೋಗ! ಸ್ಟಾಪ್ ಹಾಕು, 188 ನಷ್ಟ 50ಕ್ಕೆ ನಿಲ್ಲುತ್ತಿತ್ತು. ಲೆಕ್ಕ ಸರಿಹೋಗುತ್ತಿತ್ತು.

ಮೂಕಪ್ರೇಕ್ಷಕ

ಮೊದಲ ಕಾಮೆಂಟ್‌ನಲ್ಲಿ ಸಂಜೆಗೂ ಹೊರಗೆ ಬರಬೇಡ ಅಂದಿದ್ದು ಯಾರೋ?

ಹಳೇಹುಲಿ

ಅದು ಬೇರೆ ಸಂದರ್ಭ.

ಲೆಕ್ಕಿಗ

ಸ್ಟಾಪ್ ಹಾಕುವುದು ಒಳ್ಳೆಯದೇ, ಒಂದೇ ದಿನ ಅಕೌಂಟ್ ಖಾಲಿಯಾಗುವುದು ತಪ್ಪುತ್ತದೆ. ಆದರೆ ಅದರಿಂದ ಲಾಭ ಹುಟ್ಟುವುದಿಲ್ಲ. ಟಾರ್ಗೆಟ್ 25, ಸ್ಟಾಪ್ 50 ಇಡಿ. ನೆನಪಿಲ್ಲದ ಬೆಲೆ ಸ್ಟಾಪ್‌ಗಿಂತ ಮೊದಲು ಟಾರ್ಗೆಟ್ ಮುಟ್ಟುವುದು ಮೂರರಲ್ಲಿ ಎರಡು ಸಲ. ಎರಡು ಸಲ 25 ಬಂತು, ಒಂದು ಸಲ 50 ಹೋಯಿತು. ಸೊನ್ನೆ. ಸ್ಟಾಪನ್ನೂ 25 ಮಾಡಿದರೆ ಅರ್ಧಕ್ಕರ್ಧ. ಮತ್ತೆ ಸೊನ್ನೆ. ಸ್ಟಾಪ್ ಹತ್ತಿರ ತಂದಷ್ಟೂ ಗೆಲ್ಲುವ ಪರ್ಸೆಂಟೇಜ್ ಇಳಿಯುತ್ತದೆ, ಅಷ್ಟೇ.

ದಿನವಹಿ

> ಮೂರರಲ್ಲಿ ಎರಡು ಸಲ

ಇಂಡೆಕ್ಸ್ ಮೇಲೆ ನನ್ನ ಪರೀಕ್ಷೆಯಲ್ಲಿ 50 ಪಾಯಿಂಟ್ ಸ್ಟಾಪ್ ಹಾಕಿದಮೇಲೂ ಗೆದ್ದ ಪರ್ಸೆಂಟೇಜ್ ಇಳಿಯಲೇ ಇಲ್ಲ. ನಷ್ಟ ಮಾತ್ರ ಕಮ್ಮಿಯಾಯಿತು. ನಿಮ್ಮ ನಾಣ್ಯದ ಸಿದ್ಧಾಂತ ಇದನ್ನು ಹೇಗೆ ವಿವರಿಸುತ್ತದೆ?

ಮೂಕಪ್ರೇಕ್ಷಕ

ನಾನು ವಿವರಿಸುತ್ತೇನೆ. ನಿಮ್ಮ ಹತ್ತಿರ ಇರುವುದು ದಿನಕ್ಕೊಂದು ಸಾಲು. ಕ್ಲೋಸ್ 1,000 ಆಗಿತ್ತು, ಓಪನ್ 1,020, ಹೈ 1,072, ಲೋ 998. 1,020ಕ್ಕೆ ಮಾರಿದ್ದೀರಿ, ಸ್ಟಾಪ್ 1,070. ಎರಡೂ ಮುಟ್ಟಿದೆ. ಯಾವುದು ಮೊದಲು?

ದಿನವಹಿ

ಲೋ 998 ಇದೆಯಲ್ಲ, ಗ್ಯಾಪ್ ಮುಚ್ಚಿದೆ. ಗೆಲುವು.

ಮೂಕಪ್ರೇಕ್ಷಕ

ಮೊದಲು 1,072ಕ್ಕೆ ಹೋಗಿ ಆಮೇಲೆ 998ಕ್ಕೆ ಬಂದಿದ್ದರೆ?

ದಿನವಹಿ

ಅದು ಆ ಸಾಲಿನಲ್ಲಿ ಗೊತ್ತಾಗುವುದಿಲ್ಲ.

ಮೂಕಪ್ರೇಕ್ಷಕ

ಸರಿ. ಗೊತ್ತಾಗದ ದಿನಗಳನ್ನೆಲ್ಲ ಗೆಲುವು ಅಂತ ಬರೆದುಕೊಂಡಿದ್ದೀರಿ. ಅದಕ್ಕೇ ಸ್ಟಾಪ್ ಹಾಕಿದರೂ ಪರ್ಸೆಂಟೇಜ್ ಇಳಿಯಲಿಲ್ಲ. ಅಂಥ ದಿನಗಳನ್ನೆಲ್ಲ ಒಮ್ಮೆ ಸೋಲು ಅಂತ ಬರೆದು ನೋಡಿ. ಎರಡು ಉತ್ತರಗಳ ಮಧ್ಯೆ ಅಂತರ ದೊಡ್ಡದಿದ್ದರೆ ನಿಮಿಷದ ಡೇಟಾ ಬೇಕೇ ಬೇಕು.

ದಿನವಹಿ

ನಿಮಿಷದ ಡೇಟಾ ಪುಕ್ಕಟೆ ಸಿಗಲ್ಲ ಸ್ವಾಮಿ. ಉಪದೇಶ ಸಿಗುತ್ತೆ.

ಹೊಸಚಾರ್ಟ್

ನನ್ನ ಕೊನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಪರೀಕ್ಷೆ ಹೇಗೆ ಮಾಡಲಿ? ಬೆಲೆ ನಾಣ್ಯ ಅಲ್ಲ ಅಂತ ಯಾರಾದರೂ ಹೇಳಿದರೆ ಲೆಕ್ಕಿಗ ಸಾರ್ ಕೋಡ್ ಸಾಕಾಗಲ್ಲ ಅನ್ನಿಸುತ್ತೆ. ಬೆಳಗಿನ ಮೊದಲ ಗಂಟೆಯಲ್ಲಿ ಓಡಾಟ ಜಾಸ್ತಿ, ದೊಡ್ಡ ಗ್ಯಾಪ್ ದಿನ ಇನ್ನೂ ಜಾಸ್ತಿ.

ಲೆಕ್ಕಿಗ

ಆ ಮಾತು ಸರಿ. ನನ್ನ 100 ಪಾಯಿಂಟ್ ಎಲ್ಲ ದಿನಕ್ಕೂ ಒಂದೇ ಅಂತ ಇಟ್ಟಿದ್ದು ಒರಟು ಲೆಕ್ಕ. ಹಾಗಾಗಿ ಕೋಡ್ ಬಿಡಿ. ನಿಮ್ಮ ಡೇಟಾದಿಂದಲೇ ಹೋಲಿಕೆ ಸಿಗುವ ದಾರಿ ಒಂದಿದೆ. ನಾನು ಕನ್ನಡಿ ಅನ್ನುತ್ತೇನೆ.

25 ಪಾಯಿಂಟ್ ಮೇಲೆ ಓಪನ್ ಆಯಿತು. ಓಪನ್‌ನಿಂದ 25 ಕೆಳಗೆ ನಿನ್ನೆಯ ಕ್ಲೋಸ್ ಇದೆ. ಓಪನ್‌ನಿಂದ 25 ಮೇಲೆ ಇನ್ನೊಂದು ಗೆರೆ ಎಳೆಯಿರಿ. ಅದಕ್ಕೆ ಹೆಸರಿಲ್ಲ, ಯಾರೂ ಅದನ್ನು ಕಾಯುತ್ತಿಲ್ಲ. ಪ್ರತಿ ಗ್ಯಾಪ್ ದಿನ ಎರಡನ್ನೂ ಗುರುತು ಹಾಕಿ: ಕ್ಲೋಸ್ ಮುಟ್ಟಿತಾ, ಕನ್ನಡಿ ಗೆರೆ ಮುಟ್ಟಿತಾ. ದೂರ ಒಂದೇ, ದಿನ ಒಂದೇ, ಏರಿಳಿತವೂ ಅದೇ. ಗ್ಯಾಪ್‌ಗೆ ನಿಜವಾಗಿ ಸೆಳೆತ ಇದ್ದರೆ ಕ್ಲೋಸ್ ಮುಟ್ಟಿದ ದಿನಗಳು ಕನ್ನಡಿ ಮುಟ್ಟಿದ ದಿನಗಳಿಗಿಂತ ಗಣನೀಯವಾಗಿ ಜಾಸ್ತಿ ಇರಬೇಕು. ಬರೀ 80% ಅಂದರೆ ಏನೂ ಹೇಳಿದ ಹಾಗಲ್ಲ. 80% ಮತ್ತು ಕನ್ನಡಿ 65% ಅಂದರೆ ಕೂತು ಮಾತಾಡೋಣ.

ಗ್ಯಾಪನ್ನು ಗಾತ್ರದ ಪ್ರಕಾರ ಬೇರೆ ಮಾಡಿ. ಸಣ್ಣದು ದೊಡ್ಡದು ಸೇರಿಸಿ ಒಂದೇ ಸರಾಸರಿ ತೆಗೆದರೆ ಸಣ್ಣವೇ ಗೆಲ್ಲಿಸಿಬಿಡುತ್ತವೆ, ಯಾಕಂದರೆ ಸಂಖ್ಯೆಯಲ್ಲಿ ಅವೇ ಜಾಸ್ತಿ.

ಹಳೇಹುಲಿ

> ಅದಕ್ಕೆ ಹೆಸರಿಲ್ಲ, ಯಾರೂ ಅದನ್ನು ಕಾಯುತ್ತಿಲ್ಲ

ನೀವೇ ಹೇಳಿದ ಹಾಗೆ ಕ್ಲೋಸನ್ನು ಎಲ್ಲರೂ ಕಾಯುತ್ತಾರೆ! ಅದಕ್ಕೇ ಅಲ್ಲಿಗೆ ಬೆಲೆ ಬರುವುದು.

ಲೆಕ್ಕಿಗ

ಬರಲಿ ಸಾರ್. ಬಂದರೆ ಕನ್ನಡಿಗಿಂತ ಜಾಸ್ತಿ ಬಂದಿದ್ದು ಕಾಣಿಸಬೇಕು. ನಾನು ಕೇಳುತ್ತಿರುವುದು ಅಷ್ಟೇ.

ಹೊಸಚಾರ್ಟ್

ಎರಡು ಸಂಜೆ ಕೂತು ಮಾಡಿದೆ. ನನ್ನ ಹತ್ತಿರ ಇರುವ 60 ಗ್ಯಾಪ್ ದಿನಗಳು, ಐದು ನಿಮಿಷದ ಚಾರ್ಟ್ ಕಣ್ಣಲ್ಲೇ ನೋಡಿ. ಎಲ್ಲವೂ 15ರಿಂದ 35 ಪಾಯಿಂಟ್ ಒಳಗಿನ ಗ್ಯಾಪ್. ಕ್ಲೋಸ್ ಮುಟ್ಟಿದ್ದು 46 ದಿನ. ಕನ್ನಡಿ ಮುಟ್ಟಿದ್ದು 43 ದಿನ.

ಹಳೇಹುಲಿ

46 + 43 = 89. ದಿನ 60! ಲೆಕ್ಕ ಬರೋರೆಲ್ಲ ಎಲ್ಲಿ ಹೋದರು?

ಹೊಸಚಾರ್ಟ್

ಸಾರ್, 31 ದಿನ ಎರಡೂ ಮುಟ್ಟಿದೆ. 2 ದಿನ ಯಾವುದೂ ಮುಟ್ಟಿಲ್ಲ.

ಹಳೇಹುಲಿ

ಎರಡೂ ಮುಟ್ಟಿದರೆ ಗ್ಯಾಪ್ ಮುಚ್ಚಿದ ಹಾಗೇ. 46 ನಿಂತಿತು. 77%.

ಲೆಕ್ಕಿಗ

ಎರಡೂ ಮುಟ್ಟಿದ 31 ದಿನ ಯಾವ ಕಡೆಗೂ ಸಾಕ್ಷಿ ಹೇಳುವುದಿಲ್ಲ. ಅವನ್ನು ಪಕ್ಕಕ್ಕಿಡಿ. ಬರೀ ಕ್ಲೋಸ್ ಮುಟ್ಟಿದ್ದು 15 ದಿನ, ಬರೀ ಕನ್ನಡಿ ಮುಟ್ಟಿದ್ದು 12 ದಿನ. 27 ಸಲ ನಾಣ್ಯ ಚಿಮ್ಮಿದರೆ 15–12 ಬರುವುದು ಮಾಮೂಲಿ. ಸೆಳೆತ ಇಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಇದೆ ಅಂತಲೂ ಆಗುವುದಿಲ್ಲ. ಇನ್ನೂ ಕೆಲವು ನೂರು ದಿನ ಬೇಕು. ಅಲ್ಲಿಯವರೆಗೆ ಲಾಟ್ ಕಮ್ಮಿ ಮಾಡಿ ಅಥವಾ ಕಾಗದದ ಮೇಲೆ ಟ್ರೇಡ್ ಮಾಡಿ.

ದಿನವಹಿ

15, 12ಕ್ಕಿಂತ ಜಾಸ್ತಿ. ಅದನ್ನು ಮಾತ್ರ ಯಾರೂ ಹೇಳಲ್ಲ.

ನಿದ್ದೆಗೆಟ್ಟವಳು

ನನ್ನ 371ರ ಕಥೆ ಹಾಗೇ ಉಳಿಯಿತು. ನನ್ನ ಸ್ಟಾಪ್ 400ರಿಂದ ಅಳೆದು ಕನ್ನಡಿ ಇಟ್ಟರೆ ನನ್ನದು 342. ಅಲ್ಲಿಗೂ ಹೋಗಿ ಬಂತು, ಗೊತ್ತಾ?

ಮೂಕಪ್ರೇಕ್ಷಕ

ಮೇಡಂ, ನೀವು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿರಿ.

ಹೊಸಚಾರ್ಟ್

ಒಂದು ವರ್ಷದ ಹಳೆಯ ಚಾರ್ಟ್ ತೆಗೆದುಕೊಂಡಿದ್ದೇನೆ, ಮುಂದುವರಿಸುತ್ತೇನೆ. ಟ್ರೇಡ್ ಸದ್ಯಕ್ಕೆ ನಿಲ್ಲಿಸಿದ್ದೇನೆ.

ಕಿಟಕಿ

ಆ 60 ದಿನ ಅಳೆದಿದ್ದು ಕ್ಲೋಸ್‌ನಿಂದಲಾ ಹೈನಿಂದಲಾ?